ವಿಷಯ: ಪ್ರೊಬೇಷನ್ ಅವಧಿ ಮೂರು ತಿಂಗಳು ವಿಸ್ತರಣೆ

ಸವಿತಾ ಅವರಿಗೆ,

ಜೂನ್ 30ಕ್ಕೆ ನಿಮ್ಮ ಆರು ತಿಂಗಳ ಪ್ರೊಬೇಷನ್ ಮುಗಿಯುತ್ತದೆ. ಈಗಲೇ ಕಾಯಂ ಮಾಡದೆ ಅದನ್ನು ಸೆಪ್ಟೆಂಬರ್ 30ರವರೆಗೆ ವಿಸ್ತರಿಸಲು ಸಂಘದ ಆಡಳಿತ ಮಂಡಳಿ ತೀರ್ಮಾನಿಸಿದೆ. ಸಂಬಳ, ರಜೆ ಈಗಿನಂತೆಯೇ.

ಕೌಂಟರ್‌ನಲ್ಲಿ ನಿಮ್ಮ ಕೆಲಸ ನಮಗೆಲ್ಲ ಮೆಚ್ಚುಗೆಯಾಗಿದೆ. ಬೆಳೆ ಸಾಲ ನವೀಕರಿಸಲು ಬರುವ ವಯಸ್ಸಾದ ರೈತರಿಗೆ ಬಡ್ಡಿ ಲೆಕ್ಕವನ್ನು ಚೀಟಿಯಲ್ಲಿ ಬರೆದು ತೋರಿಸುತ್ತೀರಿ. ಅದನ್ನು ಯಾರೂ ಹೇಳಿಕೊಟ್ಟದ್ದಲ್ಲ.

ತೊಂದರೆ ಇರುವುದು ಲೆಕ್ಕಪತ್ರದಲ್ಲಿ. ದಿನವಹಿ ಹಲವು ಸಲ ಮರುದಿನಕ್ಕೆ ಉಳಿದಿದೆ. ಮೇ ತಿಂಗಳಲ್ಲಿ ನಾಲ್ಕು ಸಾಲದ ಕಡತಗಳು ಜಾಮೀನುದಾರರ ಸಹಿ ಇಲ್ಲದೆ ನನ್ನ ಮೇಜಿಗೆ ಬಂದವು. ನಗದು ಒಮ್ಮೆಯೂ ಕಡಿಮೆ ಬಿದ್ದಿಲ್ಲ, ನಿಮ್ಮ ಪ್ರಾಮಾಣಿಕತೆಯ ಬಗ್ಗೆ ಎಳ್ಳಷ್ಟೂ ಅನುಮಾನವಿಲ್ಲ. ಆದರೆ ಸಹಿಯಿಲ್ಲದ ಕಡತದ ಸಾಲ ಸುಸ್ತಿಯಾದರೆ ವಸೂಲಿ ಕಷ್ಟ, ಆಡಿಟ್‌ನಲ್ಲೂ ಆಕ್ಷೇಪಣೆ ಬರುತ್ತದೆ.

ಇನ್ನು ಮುಂದೆ ನಗದು ತಾಳೆ ನೋಡಿ, ದಿನವಹಿಗೆ ಸಹಿ ಹಾಕಿಸಿಯೇ ಹೊರಡಿ. ಪಹಣಿ, ಜಾಮೀನು ಸಹಿ ಪರಿಶೀಲಿಸಿದ ಮೇಲಷ್ಟೇ ಕಡತ ಕಳುಹಿಸಿ. ಸಂಜೆ ನಾಲ್ಕರ ನಂತರ ಕೌಂಟರ್ ಬೇರೆಯವರು ನೋಡಿಕೊಳ್ಳುತ್ತಾರೆ. ಆ ಹೊತ್ತು ನಿಮಗೆ ಲೆಕ್ಕಕ್ಕೇ ಮೀಸಲು. ಶನಿವಾರಗಳಂದು ಹಿರಿಯ ಲೆಕ್ಕಿಗರು ಜೊತೆಗೆ ಕೂರುತ್ತಾರೆ.

ಆಗಸ್ಟ್ ಮಧ್ಯದಲ್ಲಿ ನಾವಿಬ್ಬರೂ ಕೂತು ನೋಡೋಣ. ಎರಡೂ ಸರಿಹೋಗಿದ್ದರೆ ಸೆಪ್ಟೆಂಬರ್‌ವರೆಗೆ ಕಾಯದೆ ಕಾಯಂ ಆದೇಶಕ್ಕೆ ನಾನೇ ಶಿಫಾರಸು ಮಾಡುತ್ತೇನೆ. ಇಲ್ಲದಿದ್ದರೆ ನಿಮ್ಮ ಸೇವೆ ಮುಂದುವರಿಸುವ ವಿಷಯ ಮತ್ತೆ ಮಂಡಳಿಯ ಮುಂದೆ ಹೋಗುತ್ತದೆ.

ಮುಖ್ಯ ಕಾರ್ಯನಿರ್ವಹಣಾಧಿಕಾರಿ