ವಿಷಯ: 24-09-2025ರ ಬಿಲ್ ನಂ. 1187 – ಜಿಎಸ್‌ಟಿ ನಂಬರ್ ಮತ್ತು ಮೊತ್ತ ತಿದ್ದಿ ಹೊಸದಾಗಿ ಕೊಡುವ ಬಗ್ಗೆ

ದಾವಣಗೆರೆ
3 ಅಕ್ಟೋಬರ್ 2025

ಮಂಜಣ್ಣನವರಿಗೆ ನಮಸ್ಕಾರ.

ಹಬ್ಬ ಚೆನ್ನಾಗಿ ಆಯ್ತು ಅಂದುಕೊಂಡಿದ್ದೇನೆ. ಮಾಲು ಸರಿಯಾಗಿ ಬಂದು ಸೇರಿದೆ, ಡಬ್ಬಿ ಸೆಟ್‌ಗಳು ಆಗಲೇ ಅರ್ಧ ಖಾಲಿ. ಆದರೆ ಆಯುಧ ಪೂಜೆಗೆ ಮುಂಚೆ ಲೆಕ್ಕ ಬರೆಯಲು ಕೂತಾಗ ಬಿಲ್‌ನಲ್ಲಿ ಮೂರು ತಪ್ಪು ಕಂಡವು. ಫೋನಿನಲ್ಲಿ ಹೇಳಿದರೆ ಅಂಕಿಗಳು ಹೆಚ್ಚುಕಮ್ಮಿ ಆಗುತ್ತವೆ, ಅದಕ್ಕೇ ಬರೆದು ಕಳಿಸುತ್ತಿದ್ದೇನೆ.

ಮೊದಲನೆಯದು ಜಿಎಸ್‌ಟಿ ನಂಬರ್. ಬಿಲ್‌ನಲ್ಲಿ 29QZXPK4071M1Z8 ಎಂದಿದೆ. ಅದು ಅಪ್ಪನ ಹೆಸರಿನಲ್ಲಿದ್ದ ಹಳೇ ನಂಬರ್. ಜುಲೈ 1ರಿಂದ ನಾನೂ ತಮ್ಮನೂ ಪಾರ್ಟ್‌ನರ್‌ಶಿಪ್ ಮಾಡಿಕೊಂಡಿದ್ದೇವೆ. ಪ್ಯಾನ್ ಬದಲಾದ್ದರಿಂದ ಜಿಎಸ್‌ಟಿ ನಂಬರ್ ಕೂಡ ಬದಲಾಗಿದೆ, ಹಳೇದು ಕ್ಯಾನ್ಸಲ್ ಆಗಿದೆ. ಈಗಿನದು:

29QZXFS2839L1Z4

ಅಂಗಡಿ ಹೆಸರು, ವಿಳಾಸ ಎರಡೂ ಮೊದಲಿನವೇ. ಬಹುಶಃ ಅದಕ್ಕೇ ನಿಮ್ಮ ಹುಡುಗರು ಹಳೇ ಖಾತೆಯನ್ನೇ ಆರಿಸಿದ್ದಾರೆ. ಹೊಸ ನಂಬರ್ ಮುಂಚೆಯೇ ತಿಳಿಸದೇ ಇದ್ದದ್ದು ನಮ್ಮ ಕಡೆಯ ತಪ್ಪು, ಒಪ್ಪಿಕೊಳ್ಳುತ್ತೇನೆ. ರಿಜಿಸ್ಟ್ರೇಷನ್ ಸರ್ಟಿಫಿಕೇಟ್ ಜೊತೆಗಿಟ್ಟಿದ್ದೇನೆ. ಟ್ಯಾಲಿಯಲ್ಲಿ ಹಳೇ ಖಾತೆ ಮುಚ್ಚಿಸಿಬಿಡಿ, ಇಲ್ಲದಿದ್ದರೆ ಮುಂದಿನ ಬಿಲ್‌ಗೂ ಇದೇ ಕಥೆ.

ಎರಡನೆಯದು ತೆರಿಗೆ ದರ. ಸ್ಟೀಲ್ (7323) ಮತ್ತು ಅಲ್ಯೂಮಿನಿಯಂ (7615) ಪಾತ್ರೆಗಳಿಗೆ ಸೆಪ್ಟೆಂಬರ್ 22ರಿಂದ 12 ಹೋಗಿ 5 ಪರ್ಸೆಂಟ್ ಆಗಿದೆ. ಬಿಲ್‌ನಲ್ಲಿ 12 ಹಾಕಿದ್ದೀರಿ. ಆರ್ಡರ್ ಕೊಟ್ಟದ್ದು, ಮುಂಗಡ ಹಾಕಿದ್ದು 17ನೇ ತಾರೀಖು, ನಿಜ. ಆದರೆ ಮಾಲು ಹೊರಟದ್ದೂ ಬಿಲ್ ಆದದ್ದೂ 24ಕ್ಕೆ. ಹಾಗಾಗಿ ಹೊಸ ದರವೇ ಬರಬೇಕು. ಒಮ್ಮೆ ನಿಮ್ಮ ಆಡಿಟರ್ ಹತ್ತಿರವೂ ಕೇಳಿ ನೋಡಿ.

ಮೂರನೆಯದು ತಟ್ಟೆಗಳ ಲೆಕ್ಕ. ಬಿಲ್‌ನಲ್ಲಿ 300 ಇದೆ. ಬಂದದ್ದು 250. ನಿಮ್ಮ ಡೆಲಿವರಿ ಚಲನ್‌ನಲ್ಲೂ 250 ಎಂದೇ ಇದೆ, ಲಾರಿಯವನ ಸಹಿ ಇರುವ ಪ್ರತಿ ಕಳಿಸುತ್ತಿದ್ದೇನೆ. ಉಳಿದ 50 ಈಗ ಬೇಡ. ಬೇಕಾದರೆ ದೀಪಾವಳಿ ಆರ್ಡರ್ ಜೊತೆ ಹೇಳುತ್ತೇನೆ.

ಸರಿಯಾದ ಲೆಕ್ಕ ಹೀಗೆ ಬರುತ್ತದೆ:

ಡಬ್ಬಿ ಸೆಟ್ 40 × 850 = 34,000
ಸ್ಟೀಲ್ ತಟ್ಟೆ 250 × 120 = 30,000
ಅಲ್ಯೂಮಿನಿಯಂ ಬೋಗುಣಿ 50 × 420 = 21,000
ತೆರಿಗೆಗೆ ಮುಂಚೆ = 85,000
ಸಿಜಿಎಸ್‌ಟಿ 2.5% = 2,125
ಎಸ್‌ಜಿಎಸ್‌ಟಿ 2.5% = 2,125
ಒಟ್ಟು = 89,250 ರೂಪಾಯಿ

ನಿಮ್ಮ ಬಿಲ್‌ನಲ್ಲಿ ತೆರಿಗೆಗೆ ಮುಂಚೆ 91,000, ತೆರಿಗೆ 10,920, ಒಟ್ಟು 1,01,920 ಇದೆ. ಅಂದರೆ 12,670 ಜಾಸ್ತಿ. ಮುಂಗಡ 50,000 ಕೊಟ್ಟಿರುವುದರಿಂದ ಬಾಕಿ 39,250. ತಿದ್ದಿದ ಬಿಲ್ ಕೈಗೆ ಬಂದ ದಿನವೇ ಅಷ್ಟನ್ನೂ ಬ್ಯಾಂಕಿಗೆ ಹಾಕುತ್ತೇನೆ. ಬಿಲ್ ಸರಿಯಾಗಲಿ ಅಂತ ಕಾಯುತ್ತಿದ್ದೇನೆ ಅಷ್ಟೇ, ದುಡ್ಡು ಹಿಡಿದಿಟ್ಟುಕೊಳ್ಳುವ ಉದ್ದೇಶವಿಲ್ಲ.

ಸ್ವಲ್ಪ ಅವಸರ ಇದೆ, ಮಂಜಣ್ಣ. ಸೆಪ್ಟೆಂಬರ್‌ನ ಜಿಎಸ್‌ಟಿಆರ್-1 ಹಾಕಲು ನಿಮಗೆ 11ರವರೆಗೆ ಸಮಯ. ಅದರೊಳಗೆ ತಿದ್ದಿ ಹೊಸ ನಂಬರಿಗೆ ಹಾಕಿದರೆ 14ಕ್ಕೆ ನಮ್ಮ 2ಬಿಯಲ್ಲಿ ಬರುತ್ತದೆ, 20ರೊಳಗೆ ನಾವು ಕ್ರೆಡಿಟ್ ತೆಗೆದುಕೊಳ್ಳಬಹುದು. ಹಳೇ ನಂಬರಿಗೆ ಹೋದರೆ ನಮಗೆ ಒಂದು ರೂಪಾಯಿಯೂ ಸಿಗಲ್ಲ. ಆದ್ದರಿಂದ 8ನೇ ತಾರೀಖು ಬುಧವಾರದೊಳಗೆ ಕಳಿಸಿಕೊಡಿ.

ಅದೇ ಬಿಲ್ ನಂಬರಿನಲ್ಲಿ ತಿದ್ದುತ್ತೀರೋ, ಹಳೇದು ಕ್ಯಾನ್ಸಲ್ ಮಾಡಿ ಹೊಸ ನಂಬರ್ ಹಾಕುತ್ತೀರೋ, ನಿಮ್ಮ ಆಡಿಟರ್ ಹೇಳಿದಂತೆ ಮಾಡಿ. ಬಿಲ್‌ನಲ್ಲಿ ಕ್ಯೂಆರ್ ಕೋಡ್ ಇಲ್ಲ, ಅಂದರೆ ಇ-ಇನ್‌ವಾಯ್ಸ್ ಅಲ್ಲ. ಹಾಗಾಗಿ 24 ಗಂಟೆಯೊಳಗೇ ಕ್ಯಾನ್ಸಲ್ ಮಾಡಬೇಕು ಅನ್ನುವ ತಲೆನೋವು ಇಲ್ಲಿ ಇಲ್ಲ. ಎರಡು ಬಿಲ್ಲೂ ಲೆಕ್ಕದಲ್ಲಿ ಉಳಿಯದಂತೆ ಮಾತ್ರ ನೋಡಿಕೊಳ್ಳಿ. ಒಂದು ವೇಳೆ ರಿಟರ್ನ್ ಆಗಲೇ ಹಾಕಿಬಿಟ್ಟಿದ್ದರೆ ಇವತ್ತೇ ಹೇಳಿ. ಆಗ ಕ್ರೆಡಿಟ್ ನೋಟ್ ದಾರಿ ಹಿಡಿಯಬೇಕಾಗಬಹುದು, ನಮ್ಮ ಆಡಿಟರ್ ನಿಮ್ಮವರ ಜೊತೆ ಮಾತಾಡುತ್ತಾರೆ.

ಇ-ವೇ ಬಿಲ್‌ನಲ್ಲೂ ಹಳೇ ನಂಬರೇ ಇದೆ. ಅದನ್ನು ಈಗ ಕ್ಯಾನ್ಸಲ್ ಮಾಡಲು ಆಗಲ್ಲ, ಗಡುವು ಮುಗಿದಿದೆ. ನಂಬರ್ ಕಣ್ತಪ್ಪಿನಿಂದ ಬಿದ್ದಿದೆ ಎಂದು ನಿಮ್ಮ ಲೆಟರ್‌ಹೆಡ್‌ನಲ್ಲಿ ಎರಡು ಸಾಲು ಬರೆದು ಸೀಲು ಹಾಕಿ ಕೊಡಿ. ನಾಳೆ ಯಾರಾದರೂ ಕೇಳಿದರೆ ನಮ್ಮ ಫೈಲಿನಲ್ಲಿ ಇರಲಿ.

ತಿದ್ದಿದ ಬಿಲ್‌ನ ಪಿಡಿಎಫ್ ಮೊದಲು ವಾಟ್ಸಾಪ್ ಮಾಡಿ, ಒಮ್ಮೆ ನೋಡಿ ಸರಿ ಅನ್ನುತ್ತೇನೆ. ಸಹಿ ಹಾಕಿದ ಪ್ರತಿ ಮುಂದಿನ ಲಾರಿಯಲ್ಲಿ ಬಂದರೆ ಸಾಕು.

ಇಂತಿ,
ಸವಿತಾ
ಪಾರ್ಟ್‌ನರ್

ಲಗತ್ತು: ಬಿಲ್ ನಂ. 1187ರ ಪ್ರತಿ, ಹೊಸ ಜಿಎಸ್‌ಟಿ ರಿಜಿಸ್ಟ್ರೇಷನ್ ಸರ್ಟಿಫಿಕೇಟ್, ಡೆಲಿವರಿ ಚಲನ್, ಮುಂಗಡ ಕಟ್ಟಿದ ಬ್ಯಾಂಕ್ ರಸೀದಿ