ಬೋರರ್ ಗಿಡ ಹುಡುಕುವ ಹೊತ್ತು: ಬೆಳೆಗಾರರ ವಿಡಿಯೊ ಕಾಲ್‌ಗೆ ನನ್ನ ಮಾತು

(ಸೆಪ್ಟೆಂಬರ್ ಮೊದಲ ವಾರ, ಸಂಜೆ 7. ಮಗಳು ಪಕ್ಕದಲ್ಲಿ ಕೂತು ಚಾಟ್ ನೋಡುತ್ತಾಳೆ.)

ಎಲ್ಲರಿಗೂ ನಮಸ್ಕಾರ. ಈ ಮಳೆಯಲ್ಲಿ ನಮ್ಮ ಮೂಡಿಗೆರೆ ಕಡೆ ಸಿಗ್ನಲ್ ಹೇಗಿರುತ್ತದೆ ಅಂತ ಹೇಳಬೇಕಾ? ಎಲ್ಲರೂ ಕ್ಯಾಮೆರಾ ಆಫ್ ಮಾಡಿಕೊಳ್ಳಿ. ಆದರೆ ನೀವು ತಲೆ ಆಡಿಸಿದರೆ ನನಗೆ ಕಾಣುವುದಿಲ್ಲ, ಎದ್ದು ಕಾಫಿ ಕುಡಿಯಲು ಹೋದರೂ ಕಾಣುವುದಿಲ್ಲ. ಅದಕ್ಕೇ ಆಗಾಗ ಚಾಟ್‌ನಲ್ಲಿ ಕೇಳುತ್ತಿರುತ್ತೇನೆ. ಈಗ ಮಾತು ಕೇಳಿಸುತ್ತಿದ್ದರೆ ನಿಮ್ಮ ಊರಿನ ಹೆಸರು ಬರೆಯಿರಿ.

(ಮನಸ್ಸಲ್ಲೇ 15 ಎಣಿಸು. ಸುಮ್ನಿರು! ಬಂದ ಊರುಗಳನ್ನು ಜೋರಾಗಿ ಓದು.)

ಬೋರರ್ ಅಂದರೆ ಬಿಳಿ ಕಾಂಡಕೊರಕ, ಅರೇಬಿಕಾ ಕಾಫಿಯ ಶತ್ರು. ರೋಬಸ್ಟಾದವರು ಇವತ್ತು ನಮ್ಮನ್ನು ನೋಡಿ ನಗಬಹುದು. ಇದರ ದುಂಬಿ ವರ್ಷಕ್ಕೆ ಎರಡು ಸಲ ಹಾರುತ್ತದೆ. ಏಪ್ರಿಲ್-ಮೇನಲ್ಲಿ ಒಮ್ಮೆ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಇನ್ನೊಮ್ಮೆ. ಅದು ಹಾರುವ ಮೊದಲೇ ಹುಳ ಇರುವ ಗಿಡ ತೆಗೆಯಬೇಕು. ಅಂದರೆ ಇದೇ ತಿಂಗಳು.

(ಸ್ಲೈಡ್ 2: ಎರಡು ಕಾಂಡದ ಫೋಟೊ)

ಎಡಗಡೆಯ ಗಿಡ 1, ಬಲಗಡೆಯದು 2. ಒಂದನೆಯದರ ಎಲೆ ಹಳದಿ, ಕಾಂಡ ನುಣುಪು. ಎರಡನೆಯದರ ಎಲೆ ಹಸಿರು, ಕಾಂಡದ ಮೇಲೆ ಉಬ್ಬಿದ ಗೆರೆ. ಹುಳ ಯಾವುದರಲ್ಲಿದೆ? ಬರೀ 1 ಅಥವಾ 2 ಒತ್ತಿ. ಫೋಟೊ ಬರದವರು ‘ಇಲ್ಲ’ ಅಂತ ಹಾಕಿ, ಗ್ರೂಪಿಗೆ ಕಳಿಸುತ್ತೇವೆ.

(20 ಎಣಿಸು. ಯಾರೂ ಬರೆಯದಿದ್ದರೆ: “ತಪ್ಪಾದರೂ ಪರವಾಗಿಲ್ಲ, ನಾನೂ ಮೊದಲು 1 ಅಂದಿದ್ದೆ.” ಜಾಸ್ತಿ ಜನ 1 ಅಂದರೆ ಮುಂದಿನದನ್ನು ನಿಧಾನವಾಗಿ ಎರಡು ಸಲ ಹೇಳು.)

ಎರಡನೆಯದು. ಎಲೆ ಹಳದಿಯಾಗಲು ನೂರು ಕಾರಣ. ತೊಗಟೆಯ ಕೆಳಗೆ ಹುಳ ಕೊರೆದ ಕಡೆ ಗೆರೆ ಏಳುತ್ತದೆ. ಕಣ್ಣಿಗಿಂತ ಕೈ ನಂಬಿ, ಕಾಂಡವನ್ನು ಸವರಿ ನೋಡಿ. ಕೊರೆತ ಬೇರಿಗೆ ಇಳಿದಿದ್ದರೆ ಗಿಡ ಕಿತ್ತು ಸುಡಿ. ಕಿತ್ತು ಬೇಲಿಗೆ ಒರಗಿಸಿಟ್ಟರೆ ದುಂಬಿ ಅಲ್ಲಿಂದಲೇ ಹೊರಬರುತ್ತದೆ.

(ಮಗಳಿಗೆ: ಪ್ರಶ್ನೆ ಬಂದಿದೆಯಾ? ಒಂದನ್ನು ಮಾತ್ರ ಈಗ ಓದು.)

ಉಳಿದ ಗಿಡಗಳ ಸಡಿಲ ತೊಗಟೆಯನ್ನು ತೆಂಗಿನ ನಾರಿನಿಂದ ಉಜ್ಜಿ ತೆಗೆಯಿರಿ. ದುಂಬಿ ಮೊಟ್ಟೆ ಇಡುವುದು ಅದರ ಬಿರುಕಿನಲ್ಲೇ. ಆಮೇಲೆ ಕಾಂಡಕ್ಕೆ ಸುಣ್ಣದ ನೀರು. 200 ಲೀಟರ್ ಡ್ರಮ್ಮಿಗೆ 20 ಕೆಜಿ ಸುಣ್ಣ.

ಇನ್ನು ನೆರಳು. ಬಿಸಿಲು ಬಿದ್ದಲ್ಲಿ ದುಂಬಿಗೆ ಹಬ್ಬ. ಮರಗಸಿ ಅಂತ ನೆರಳಿನ ಮರದ ಕೊಂಬೆ ಜಾಸ್ತಿ ಕಡಿದ ಜಾಗವೇ ಮೊದಲು ಹೋಗುತ್ತದೆ. ನನ್ನ ತೋಟದಲ್ಲೂ ಹಾಗೇ ಆಯಿತು. ಮೆಣಸಿಗೆ ಬೆಳಕು ಬೇಕು ಅಂತ ಮೇಲಿನ ಪಟ್ಟೆಯಲ್ಲಿ ಮರಗಸಿ ಮಾಡಿಸಿದೆ, ಮುಂದೆ ಅದೇ ಪಟ್ಟೆಯಲ್ಲಿ ಹೆಚ್ಚು ಗಿಡ ಕಿತ್ತೆ.

(ಇಲ್ಲಿ ನಿಲ್ಲು. ನೀರು ಕುಡಿ.)

ಕೊನೆಯ ಸಲ ಚಾಟ್. ನಿಮ್ಮ ತೋಟದಲ್ಲಿ ಬಿಸಿಲು ಹೆಚ್ಚು ಬೀಳುವ ಜಾಗ ಯಾವುದು? ಗದ್ದೆ ಪಕ್ಕ, ರಸ್ತೆ ಅಂಚು, ನೀವು ಹೇಗೆ ಕರೆಯುತ್ತೀರೋ ಹಾಗೇ ಬರೆಯಿರಿ. ನಾಳೆ ಮೊದಲು ಅಲ್ಲೇ ಹುಡುಕಬೇಕು. ಬರೆದವರು ಹೊರಡಬಹುದು, ಪ್ರಶ್ನೆ ಇದ್ದವರು ಇರಿ. ನಾನು ಎಂಟೂವರೆವರೆಗೆ ಇಲ್ಲೇ ಇರುತ್ತೇನೆ, ಕರೆಂಟ್ ಇದ್ದರೆ.