ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ತಪ್ಪಾಗಿ ಮುದ್ರಿತವಾದ ಜನ್ಮ ದಿನಾಂಕದ ತಿದ್ದುಪಡಿ ಕೋರಿ ಮನವಿ

ದಿನಾಂಕ: 10-11-2025
ಸ್ಥಳ: ಹೊಸನಗರ

ಇವರಿಂದ,
ಕಾವ್ಯಾ ಎನ್.
ನಾಗರಾಜ ಅವರ ಮಗಳು
ನಗರ ಹೋಬಳಿ, ಹೊಸನಗರ ತಾಲ್ಲೂಕು
ಶಿವಮೊಗ್ಗ ಜಿಲ್ಲೆ

ಇವರಿಗೆ,
ಕಾರ್ಯದರ್ಶಿಗಳು
ಪರೀಕ್ಷಾ ಮಂಡಳಿ
ಬೆಂಗಳೂರು

ಮೂಲಕ: ಮುಖ್ಯ ಶಿಕ್ಷಕರು, ನಾನು ವ್ಯಾಸಂಗ ಮಾಡಿದ ಸರ್ಕಾರಿ ಪ್ರೌಢಶಾಲೆ, ಹಾಗೂ ಕ್ಷೇತ್ರ ಶಿಕ್ಷಣಾಧಿಕಾರಿಗಳು, ಹೊಸನಗರ

ವಿಷಯ: 2022ರ ಮಾರ್ಚ್–ಏಪ್ರಿಲ್ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ 12-06-2006 ಎಂದಿರಬೇಕಾದ ಜನ್ಮ ದಿನಾಂಕವು 12-06-2009 ಎಂದು ಮುದ್ರಿತವಾಗಿರುವುದನ್ನು ಸರಿಪಡಿಸಿಕೊಡುವ ಬಗ್ಗೆ.

ಮಾನ್ಯರೇ,

ನಾನು 2022ರ ಮಾರ್ಚ್–ಏಪ್ರಿಲ್‌ನಲ್ಲಿ ನಡೆದ ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಕನ್ನಡ ಮಾಧ್ಯಮದಲ್ಲಿ ಹಾಜರಾಗಿ, 625ಕ್ಕೆ 548 ಅಂಕ ಪಡೆದು ಉತ್ತೀರ್ಣಳಾಗಿದ್ದೇನೆ. ಅಂಕಪಟ್ಟಿಯಲ್ಲಿ ನನ್ನ ಹೆಸರು, ತಂದೆ ತಾಯಿಯ ಹೆಸರು, ಅಂಕಗಳು ಎಲ್ಲವೂ ಸರಿಯಾಗಿವೆ. ತಪ್ಪಿರುವುದು ಹುಟ್ಟಿದ ವರ್ಷ ಮಾತ್ರ. ನಾನು ಹುಟ್ಟಿದ್ದು 2006ರ ಜೂನ್ 12ರಂದು, ಹೊಸನಗರದ ಸರ್ಕಾರಿ ಆಸ್ಪತ್ರೆಯಲ್ಲಿ. ಅಂಕಪಟ್ಟಿ ನನ್ನನ್ನು ಮೂರು ವರ್ಷ ತಡವಾಗಿ ಹುಟ್ಟಿಸಿದೆ.

ಈ ತಪ್ಪು ನುಸುಳಿದ ಜಾಗವನ್ನು ತಮ್ಮ ಗಮನಕ್ಕೆ ತರುವುದು ಅಗತ್ಯ. ನಮ್ಮೂರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ದಾಖಲಾತಿ ವಹಿಯನ್ನು 2012ರಲ್ಲಿ ಕೈಬರಹದಲ್ಲಿ, ಕನ್ನಡ ಅಂಕಿಗಳಲ್ಲಿ ಬರೆಯಲಾಗಿದೆ. ನನ್ನ ಸಾಲಿನಲ್ಲಿ ದಿನಾಂಕ ‘೧೨-೦೬-೨೦೦೬’ ಎಂದಿದೆ. ತಿಂಗಳಿನ ೬ ಸ್ಪಷ್ಟವಾಗಿದೆ. ವರ್ಷದ ಕೊನೆಯ ೬ ಮಾತ್ರ ಅಂಕಣದ ಗೆರೆಗೆ ಒತ್ತಿಕೊಂಡು, ಅದರ ಬಾಲ ಗೆರೆಯೊಳಗೇ ಸೇರಿಹೋಗಿದೆ. ಸಾಲದ್ದಕ್ಕೆ ಆ ಪುಟದ ಅಂಚಿಗೆ ಮಳೆಗಾಲದ ತೇವ ತಗುಲಿ ಶಾಯಿ ಹರಡಿದೆ. ಮುಂದೆ ವಿದ್ಯಾರ್ಥಿಗಳ ವಿವರಗಳನ್ನು ಕಂಪ್ಯೂಟರಿಗೆ ಏರಿಸಿದಾಗ ಆ ೬ ಅನ್ನು ೯ ಎಂದು ಓದಲಾಗಿದೆ. ಹೀಗೆ ಒಂದೇ ಸಾಲಿನ ಎರಡು ಆರುಗಳಲ್ಲಿ ಒಂದು ಆರಾಗಿಯೇ ಉಳಿಯಿತು, ಇನ್ನೊಂದು ಒಂಬತ್ತಾಯಿತು. ಅದೇ ಸಾಲಿನ ಪಕ್ಕದ ಅಂಕಣದಲ್ಲಿ ‘ಹನ್ನೆರಡನೇ ಜೂನ್ ಎರಡು ಸಾವಿರದ ಆರು’ ಎಂದು ಅಕ್ಷರಗಳಲ್ಲಿಯೂ ಬರೆದಿದೆ. ದಿನಾಂಕವನ್ನು ಅಕ್ಷರದಲ್ಲಿಯೂ ಬರೆಯುವ ಪದ್ಧತಿ ಇರುವುದೇ ಇಂತಹ ಅನುಮಾನ ಬಂದಾಗ ನೋಡಲೆಂದು. ಆದರೆ ಆ ದಿನ ಅದನ್ನು ಯಾರೂ ನೋಡಿದಂತಿಲ್ಲ. ವಹಿಯ ಆ ಪುಟದ ನಕಲನ್ನು ಈಗಿನ ಮುಖ್ಯ ಶಿಕ್ಷಕರು ದೃಢೀಕರಿಸಿಕೊಟ್ಟಿದ್ದಾರೆ.

ಪ್ರಾಥಮಿಕ ಶಾಲೆಯಿಂದ ಪ್ರೌಢಶಾಲೆಗೆ ಕೊಟ್ಟ ವರ್ಗಾವಣೆ ಪ್ರಮಾಣಪತ್ರವನ್ನು ವಹಿ ನೋಡಿಯೇ ಬರೆದದ್ದರಿಂದ ಅದರಲ್ಲಿ 2006 ಎಂದೇ ಇದೆ. ಪ್ರೌಢಶಾಲೆಯ ದಾಖಲಾತಿ ವಹಿಯಲ್ಲಿಯೂ 2006 ಎಂದೇ ಇದೆ. ಎಂದರೆ, ಕಾಗದದಲ್ಲಿರುವ ಯಾವ ಶಾಲಾ ದಾಖಲೆಯಲ್ಲಿಯೂ ತಪ್ಪಿಲ್ಲ. ಕಂಪ್ಯೂಟರಿನಲ್ಲಿ ಕುಳಿತ 2009 ಎಂಬುದು ನನ್ನೊಂದಿಗೆ ತರಗತಿಯಿಂದ ತರಗತಿಗೆ ಬಡ್ತಿ ಪಡೆದು, ಕೊನೆಗೆ ಹತ್ತನೆಯ ತರಗತಿಯ ನಾಮಿನಲ್ ರೋಲಿಗೆ ಬಂದು, ಅಲ್ಲಿಂದ ಅಂಕಪಟ್ಟಿಗೆ ಇಳಿದಿದೆ.

ಇಷ್ಟು ವರ್ಷ ಸುಮ್ಮನಿದ್ದು ಈಗೇಕೆ ಬಂದಿರಿ ಎಂಬ ಪ್ರಶ್ನೆ ಸಹಜ. ಪ್ರವೇಶ ಪತ್ರ ಕೈಗೆ ಬಂದ ದಿನವೇ ನನ್ನ ತಂದೆ ಶಾಲೆಗೆ ಹೋಗಿ ತಪ್ಪನ್ನು ತೋರಿಸಿದ್ದರು. ಅಂದಿನ ಮುಖ್ಯ ಶಿಕ್ಷಕರು ತಿದ್ದುಪಡಿ ಕೋರಿ ಪತ್ರ ಬರೆದದ್ದು ಶಾಲೆಯ ರವಾನೆ ವಹಿಯಲ್ಲಿ 2022ರ ಮಾರ್ಚ್ ತಿಂಗಳಿನಲ್ಲಿ ದಾಖಲಾಗಿದೆ. ಪರೀಕ್ಷೆಗೆ ದಿನಗಳೇ ಉಳಿದಿದ್ದರಿಂದ ಮೊದಲು ಪರೀಕ್ಷೆ ಬರೆಯಲಿ, ಅಂಕಪಟ್ಟಿಯಲ್ಲಿ ಸರಿಯಾಗಿ ಬರುತ್ತದೆ ಎಂಬ ಭರವಸೆ ಸಿಕ್ಕಿತು. ಅಂಕಪಟ್ಟಿಯೂ ಹಾಗೆಯೇ ಬಂದಾಗ ಮತ್ತೆ ವಿಚಾರಿಸಿದೆವು. ಅಷ್ಟರಲ್ಲಿ ಆ ಮುಖ್ಯ ಶಿಕ್ಷಕರಿಗೆ ವರ್ಗಾವಣೆಯಾಗಿತ್ತು. ಪತ್ರ ಯಾವ ಮೇಜಿನ ಮೇಲಿದೆ ಎಂದು ಹೇಳುವವರು ಯಾರೂ ಇರಲಿಲ್ಲ. ಯಾರನ್ನೂ ದೂರುವ ಉದ್ದೇಶ ನನಗಿಲ್ಲ. ಕೇಳಬೇಕಾದ ಸಮಯದಲ್ಲಿ ಕೇಳಿದ್ದೇವೆ ಎಂಬುದಕ್ಕೆ ದಾಖಲೆ ಇದೆ ಎಂದಷ್ಟೇ ತಿಳಿಸುತ್ತಿದ್ದೇನೆ.

ವಯಸ್ಸಿನ ತಿದ್ದುಪಡಿಗೆ ಬರುವ ಅರ್ಜಿಗಳನ್ನು ತಮ್ಮ ಕಚೇರಿ ಅನುಮಾನದಿಂದ ನೋಡುವುದು ನ್ಯಾಯವೇ. ವಯಸ್ಸು ತಗ್ಗಿಸಿಕೊಂಡು ನೌಕರಿಯಲ್ಲಿ ಇನ್ನೆರಡು ವರ್ಷ ಹೆಚ್ಚು ಉಳಿಯಲು, ಇಲ್ಲವೇ ಗರಿಷ್ಠ ವಯೋಮಿತಿಯೊಳಗೆ ನುಸುಳಲು ಬರುವವರು ಇರುತ್ತಾರೆ. ನನ್ನ ಅರ್ಜಿ ಅದಕ್ಕೆ ತಿರುಗುಮುರುಗು. ನಾನು ಕೇಳುತ್ತಿರುವುದು ನನ್ನ ವಯಸ್ಸನ್ನು ಮೂರು ವರ್ಷ ಹೆಚ್ಚಿಸಿಕೊಡಿ ಎಂದು. ಮುಂದೆ ಸರ್ಕಾರಿ ಕೆಲಸ ಸಿಕ್ಕರೆ ಈ ತಿದ್ದುಪಡಿಯಿಂದ ಮೂರು ವರ್ಷ ಮೊದಲೇ ನಿವೃತ್ತಳಾಗುತ್ತೇನೆ, ಮೂರು ವರ್ಷದ ಸಂಬಳ ಕಳೆದುಕೊಳ್ಳುತ್ತೇನೆ. ಲಾಭದ ಆಸೆಯಿದ್ದವರು ಅಂಕಪಟ್ಟಿಯನ್ನು ಇದ್ದಂತೆಯೇ ಬಿಟ್ಟುಕೊಂಡು ಸುಮ್ಮನಿರುತ್ತಿದ್ದರು.

ಮುದ್ರಿತ ದಿನಾಂಕ ನಿಜವಾಗಲು ಸಾಧ್ಯವೇ ಇಲ್ಲ ಎಂಬುದು ಲೆಕ್ಕ ಹಾಕಿದರೆ ತಿಳಿಯುತ್ತದೆ. ನಾನು ಒಂದನೆಯ ತರಗತಿಗೆ ಸೇರಿದ್ದು 2012ರ ಜೂನ್ ಮೊದಲ ವಾರದಲ್ಲಿ. 2009ರಲ್ಲಿ ಹುಟ್ಟಿದ್ದರೆ ಆಗ ನನಗೆ ಮೂರು ವರ್ಷವೂ ತುಂಬಿರುತ್ತಿರಲಿಲ್ಲ. ಅಂಗನವಾಡಿಗೆ ಹೋಗಬೇಕಾದ ಮಗು. ಅದೇ ಲೆಕ್ಕದಲ್ಲಿ ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಕೂತಾಗ ಹದಿಮೂರೂ ಆಗಿರಲಿಲ್ಲ. ಇನ್ನೂ ಒಂದು ವಿಷಯವಿದೆ. ನನ್ನ ಒಡಹುಟ್ಟಿದ ತಮ್ಮ ಹುಟ್ಟಿದ್ದು 2009ರ ನವೆಂಬರ್ 21ರಂದು. ಅಂಕಪಟ್ಟಿಯನ್ನು ನಂಬುವುದಾದರೆ ನಮ್ಮ ತಾಯಿ ಐದು ತಿಂಗಳ ಅಂತರದಲ್ಲಿ ಇಬ್ಬರು ಮಕ್ಕಳನ್ನು ಹೆತ್ತಿರಬೇಕು. ತಮ್ಮ ಈ ವರ್ಷ ಹತ್ತನೆಯ ತರಗತಿಯಲ್ಲಿದ್ದಾನೆ, ಮುಂದಿನ ವರ್ಷ ಅವನಿಗೂ ತಮ್ಮ ಮಂಡಳಿಯಿಂದಲೇ ಅಂಕಪಟ್ಟಿ ಬರುತ್ತದೆ. ಆಗ ಒಂದೇ ತಂದೆ ತಾಯಿಯ ಹೆಸರಿನಡಿ ಈ ಎರಡು ದಿನಾಂಕಗಳು ಮಂಡಳಿಯ ದಾಖಲೆಯಲ್ಲಿಯೇ ಒಟ್ಟಿಗೆ ಇರುತ್ತವೆ. ಅವನ ಜನನ ಪ್ರಮಾಣಪತ್ರದ ಪ್ರತಿಯನ್ನೂ ಇದರೊಂದಿಗೆ ಇಟ್ಟಿದ್ದೇನೆ.

ನನ್ನ ಜನನವು 1969ರ ಜನನ ಮತ್ತು ಮರಣ ನೋಂದಣಿ ಕಾಯ್ದೆಯಡಿ, 21 ದಿನಗಳ ಅವಧಿಯೊಳಗೇ, 2006ರ ಜೂನ್ 19ರಂದು ನೋಂದಣಿಯಾಗಿದೆ. ಇದು ಈಚೆಗೆ ಅಫಿಡವಿಟ್ ಕೊಟ್ಟು ಮಾಡಿಸಿದ ತಡ ನೋಂದಣಿಯಲ್ಲ. ಅಂಕಪಟ್ಟಿಗಿಂತ ಹದಿನಾರು ವರ್ಷ ಹಳೆಯದು. ಆಧಾರ್ ಕಾರ್ಡು ಜನ್ಮ ದಿನಾಂಕಕ್ಕೆ ಪುರಾವೆಯಲ್ಲ ಎಂಬುದು ನನಗೆ ಗೊತ್ತು, ಆದ್ದರಿಂದ ಅದನ್ನು ಗುರುತಿಗಾಗಿ ಮಾತ್ರ ಲಗತ್ತಿಸಿದ್ದೇನೆ.

ಇಂತಹ ತಿದ್ದುಪಡಿಗೆ ಸಿವಿಲ್ ನ್ಯಾಯಾಲಯದಿಂದ ಡಿಕ್ರಿ ತರಬೇಕಾಗುತ್ತದೆ ಎಂದು ಕೆಲವರು ಹೇಳಿದರು. ದಯವಿಟ್ಟು ನನ್ನನ್ನು ಆ ದಾರಿಗೆ ಕಳುಹಿಸಬೇಡಿ. ಇಲ್ಲಿ ನನ್ನ ವಯಸ್ಸಿನ ಬಗ್ಗೆ ಯಾರಿಗೂ ತಕರಾರಿಲ್ಲ. ಎದುರು ಪಕ್ಷವೇ ಇಲ್ಲದ ದಾವೆ ಅದಾಗುತ್ತದೆ. ಸುಪ್ರೀಂ ಕೋರ್ಟ್ 2021ರ ಜೂನ್ 3ರಂದು ಜಿಗ್ಯಾ ಯಾದವ್ ಪ್ರಕರಣದಲ್ಲಿ ಕೊಟ್ಟ ತೀರ್ಪು ಕೇಂದ್ರೀಯ ಪ್ರೌಢ ಶಿಕ್ಷಣ ಮಂಡಳಿಗೆ ಸಂಬಂಧಿಸಿದ್ದಾದರೂ, ಜನನ ಪ್ರಮಾಣಪತ್ರದಂತಹ ಸಾರ್ವಜನಿಕ ದಾಖಲೆಗಳಿಗೆ ಪರೀಕ್ಷಾ ಮಂಡಳಿ ಮನ್ನಣೆ ಕೊಡಬೇಕೆಂಬ ಅದರ ಆಶಯ ನನ್ನ ವಿಷಯಕ್ಕೂ ಹೊಂದುತ್ತದೆ ಎಂದು ಭಾವಿಸಿದ್ದೇನೆ.

ಈ ತಪ್ಪಿನಿಂದ ಆಗಿರುವ ತೊಂದರೆ ಸಣ್ಣದಲ್ಲ. ಅಂಚೆ ಇಲಾಖೆಯ ಗ್ರಾಮೀಣ ಡಾಕ್ ಸೇವಕ್ ಹುದ್ದೆಗೆ ಹತ್ತನೆಯ ತರಗತಿಯ ಅಂಕಗಳ ಮೇಲೆಯೇ ಆಯ್ಕೆ ನಡೆಯುತ್ತದೆ, 18 ವರ್ಷ ತುಂಬಿರಬೇಕು. ನನಗೆ ಅಂಕಗಳಿವೆ, 19 ವರ್ಷವೂ ತುಂಬಿದೆ. ಆದರೆ ಅಂಕಪಟ್ಟಿಯ ಪ್ರಕಾರ ನಾನಿನ್ನೂ ಹದಿನಾರರ ಹುಡುಗಿ. ಅಂಕಗಳನ್ನು ಒಪ್ಪುವ ಅದೇ ಹಾಳೆ ವಯಸ್ಸಿಗೆ ಅಡ್ಡ ನಿಲ್ಲುತ್ತದೆ. ಕಳೆದ ಬಾರಿ ಅರ್ಜಿ ಹಾಕಲಾಗಲಿಲ್ಲ. ರಾಜ್ಯ ಸರ್ಕಾರದ ಕೆಲಸವಾದರೂ, ಒಮ್ಮೆ ಸೇವಾ ಪುಸ್ತಕದಲ್ಲಿ ಜನ್ಮ ದಿನಾಂಕ ದಾಖಲಾದ ಮೇಲೆ ಅದನ್ನು ಬದಲಿಸಲು 1974ರ ಕರ್ನಾಟಕದ ಕಾಯ್ದೆಯಡಿ ಇರುವ ಅವಕಾಶ ಮೂರು ವರ್ಷದ್ದು ಮಾತ್ರ. ಆದ್ದರಿಂದ ಕೆಲಸಕ್ಕೆ ಸೇರುವ ಮೊದಲೇ ಇದು ಇತ್ಯರ್ಥವಾಗುವುದು ಲೇಸು.

ಆದ ಕಾರಣ ನನ್ನ ಜನ್ಮ ದಿನಾಂಕವನ್ನು 12-06-2006 ಎಂದು ತಿದ್ದಿ ಹೊಸ ಅಂಕಪಟ್ಟಿಯನ್ನು ನೀಡಬೇಕೆಂದು ಕೋರುತ್ತೇನೆ. ಕಾಗದದಲ್ಲಿ ತಿದ್ದಿದರೆ ಸಾಲದು. ಮಂಡಳಿಯ ಕಂಪ್ಯೂಟರ್ ದಾಖಲೆಯಲ್ಲಿ ಮತ್ತು ಡಿಜಿಲಾಕರ್‌ನಲ್ಲಿ ಕಾಣುವ ಪ್ರತಿಯಲ್ಲಿಯೂ ಬದಲಾಗಬೇಕು. ಇಲ್ಲವಾದರೆ ಕೈಯಲ್ಲಿ 2006, ಪರಿಶೀಲಿಸುವವರ ಪರದೆಯ ಮೇಲೆ 2009 ಎಂದಾಗಿ, ನಾನೇ ಅಂಕಪಟ್ಟಿಯನ್ನು ತಿದ್ದಿಕೊಂಡಿದ್ದೇನೆ ಎಂಬ ಆರೋಪಕ್ಕೆ ದಾರಿಯಾದೀತು. ಮೂಲ ಅಂಕಪಟ್ಟಿಯನ್ನು ತಾವು ತಿಳಿಸಿದ ಕೂಡಲೇ ಒಪ್ಪಿಸುತ್ತೇನೆ, ಸ್ವೀಕೃತಿ ಕೊಡಿಸಬೇಕು. ಮೂಲ ದಾಖಲಾತಿ ವಹಿಯನ್ನು ಕಣ್ಣಾರೆ ನೋಡಬೇಕೆನಿಸಿದರೆ, ಮುಖ್ಯ ಶಿಕ್ಷಕರು ಅದನ್ನು ಹೊಸನಗರದ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೋ ಶಿವಮೊಗ್ಗದ ಉಪನಿರ್ದೇಶಕರ ಕಚೇರಿಗೋ ತರಲು ಒಪ್ಪಿದ್ದಾರೆ. ತೇವಕ್ಕೆ ಮೆತ್ತಗಾಗಿರುವ ಆ ವಹಿಯನ್ನು ಬೆಂಗಳೂರಿನವರೆಗೆ ಸಾಗಿಸದಿರುವುದು ಒಳ್ಳೆಯದು.

ಕೊನೆಯದಾಗಿ ಒಂದು ಸಣ್ಣ ಕೋರಿಕೆ. ನಮ್ಮ ಮನೆಯಿರುವ ಕಡೆ ಮೊಬೈಲ್ ಸಿಗ್ನಲ್ ಗುಡ್ಡ ಹತ್ತಿದರೆ ಮಾತ್ರ ಸಿಗುತ್ತದೆ. ಸಂದೇಶ ಕಳುಹಿಸಿ ಇಂತಿಷ್ಟು ದಿನದೊಳಗೆ ಉತ್ತರ ಬರಲಿಲ್ಲವೆಂದು ಅರ್ಜಿಯನ್ನು ಮುಕ್ತಾಯಗೊಳಿಸಬೇಡಿ. ಯಾವುದೇ ದಾಖಲೆ ಕೊರತೆಯಿದ್ದರೆ ಮೇಲಿನ ವಿಳಾಸಕ್ಕೆ ನೋಂದಾಯಿತ ಅಂಚೆಯಲ್ಲಿ ತಿಳಿಸಿ, ಪ್ರತಿಯನ್ನು ಶಾಲೆಗೂ ಕಳುಹಿಸಿ. ಮನವಿಯನ್ನು ಒಪ್ಪಲಾಗದಿದ್ದರೆ ಕಾರಣವನ್ನು ಲಿಖಿತವಾಗಿ ಕೊಡಬೇಕೆಂದು ವಿನಂತಿಸುತ್ತೇನೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
(ಸಹಿ)
ಕಾವ್ಯಾ ಎನ್.

ಲಗತ್ತುಗಳು: ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ದೃಢೀಕೃತ ಪ್ರತಿ, ನನ್ನ ಮತ್ತು ನನ್ನ ತಮ್ಮನ ಜನನ ಪ್ರಮಾಣಪತ್ರಗಳು, ಪ್ರಾಥಮಿಕ ಶಾಲೆ ಹಾಗೂ ಪ್ರೌಢಶಾಲೆಯ ದಾಖಲಾತಿ ವಹಿಗಳ ದೃಢೀಕೃತ ನಕಲು, ವರ್ಗಾವಣೆ ಪ್ರಮಾಣಪತ್ರದ ಪ್ರತಿ, 2022ರ ಮಾರ್ಚ್ ತಿಂಗಳ ರವಾನೆ ವಹಿಯ ಪುಟ, ಮುಖ್ಯ ಶಿಕ್ಷಕರ ಶಿಫಾರಸು ಪತ್ರ, ಛಾಪಾ ಕಾಗದದ ಮೇಲೆ ನೋಟರಿಯವರ ಮುಂದೆ ಮಾಡಿದ ಪ್ರಮಾಣಪತ್ರ, ಆಧಾರ್ ಪ್ರತಿ, ನಿಗದಿತ ಶುಲ್ಕ ಕಟ್ಟಿದ ಚಲನ್.